ಎತ್ತಿದ ಭಾರ ನಿಲ್ಲುವುದೇಕೆ?

ಭಾರವನ್ನು ಎತ್ತುವುದು ಒಂದು ಕೆಲಸ; ಎತ್ತಿದ ಭಾರವನ್ನು ಅಲ್ಲಿಯೇ ನಿಲ್ಲಿಸುವುದು ಇನ್ನೊಂದು ಕೆಲಸ. ಬಾವಿಯಿಂದ ನೀರು ಸೇದುವವರಿಗೆ ಇದು ಚೆನ್ನಾಗಿ ಗೊತ್ತು. ಕೊಡ ಅರ್ಧಕ್ಕೆ ಬಂದಾಗ ಹಗ್ಗ ಬಿಟ್ಟರೆ ಕೊಡ ಬಾವಿಯ ತಳ ಸೇರುತ್ತದೆ. ಆದರೆ ಲಾರಿಯ ಕೆಳಗಿಟ್ಟ ತಿರುಪಿನ ಜಾಕ್ ಹಾಗಲ್ಲ. ಹಿಡಿಯನ್ನು ತಿರುಗಿಸಿ ಕೈಬಿಟ್ಟರೂ ಲಾರಿ ಎದ್ದಲ್ಲಿಯೇ ಇರುತ್ತದೆ. ಅದನ್ನು ಹಿಡಿದಿಟ್ಟವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಒಂಟಿಕೊಪ್ಪಲಿನ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿರುವ ಜಾಕನ್ನು ನಾನು ಅಳತೆ ಮಾಡಿ ನೋಡಿದ್ದೇನೆ. ಆ ಅಂಗಡಿಯ ಮೇಸ್ತ್ರಿಗೆ ಅದರ ಮೇಲೊಂದು ದೂರಿತ್ತು. “ಮೇಷ್ಟ್ರೇ, ಒಂದು ಸುತ್ತು ತಿರುಗಿಸಿದರೆ ಎಂಟು ಮಿಲಿಮೀಟರ್ ಏರುತ್ತೆ, ಅಷ್ಟೆ. ಒಂದೆಳೆ ಬದಲು ಎರಡೆಳೆ ತಿರುಪು ಕಡೆಸಿ, ಮೇಲಿನ ಬಟ್ಟಲ ಕೆಳಗೆ ಬಾಲ್ ಬೇರಿಂಗ್ ಕೂರಿಸಿಬಿಟ್ಟರೆ ಅರ್ಧ ಕೆಲಸ ಉಳಿಯೋದಿಲ್ಲವೆ?” ಎಂದು ಆತ ಕೇಳಿದ. ಪ್ರಶ್ನೆ ಬುದ್ಧಿವಂತನದೇ. ಉತ್ತರವನ್ನು ಲೆಕ್ಕದಿಂದಲೇ ಕೊಡಬೇಕು. ಏಕೆಂದರೆ ಆ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವವನೂ ಅವನೇ.

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೆ ಹತ್ತುವವರಿಗೆ ದಾರಿ ಹತ್ತಿರ, ಆಯಾಸ ಹೆಚ್ಚು. ಸುತ್ತು ರಸ್ತೆಯಲ್ಲಿ ಹೋಗುವವರಿಗೆ ದಾರಿ ದೂರ, ಏರು ಸುಲಭ. ತಿರುಪು ಎಂಬುದು ಇಂಥ ಸುತ್ತು ರಸ್ತೆಯೇ. ಒಂದು ಲಂಬಕೋನ ತ್ರಿಕೋನದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ನೋಡಿ. ಅದರ ಓರೆ ಅಂಚು ತಿರುಪಿನ ಎಳೆಯಂತೆ ಕಾಣುತ್ತದೆ. ನಮ್ಮ ಜಾಕಿನ ತಿರುಪಿನ ಹೊರವ್ಯಾಸ 44 ಮಿ.ಮೀ., ಎಳೆಯಿಂದ ಎಳೆಗೆ ಅಂತರ 8 ಮಿ.ಮೀ. ಎಳೆ ಚೌಕಾಕಾರದ್ದಾದುದರಿಂದ ಅದರ ಆಳ ಅಂತರದ ಅರ್ಧ, ಎಂದರೆ 4 ಮಿ.ಮೀ. ಹೀಗಾಗಿ ಸರಾಸರಿ ವ್ಯಾಸ 40 ಮಿ.ಮೀ. ಒಂದು ಸುತ್ತಿನ ದಾರಿ ಸುಮಾರು 125.7 ಮಿ.ಮೀ., ಏರು 8 ಮಿ.ಮೀ. ಏರನ್ನು ದಾರಿಯಿಂದ ಭಾಗಿಸಿದರೆ 0.0637 ಬರುತ್ತದೆ. ಇದು ಸುಮಾರು 3.6 ಡಿಗ್ರಿಯ ಇಳಿಜಾರು. ಈ ಕೋನವನ್ನು α ಎನ್ನೋಣ.

ಇನ್ನು ಘರ್ಷಣೆ. ಸಾಧಾರಣವಾಗಿ ಗ್ರೀಸ್ ಹಚ್ಚಿದ ತಿರುಪಿಗೂ ನಟ್ಟಿಗೂ ನಡುವೆ ಘರ್ಷಣೆಯ ಗುಣಾಂಕವನ್ನು 0.12 ಎಂದು ಹಿಡಿಯಬಹುದು. ಇದನ್ನೂ ಕೋನವಾಗಿ ಹೇಳಬಹುದು. ಹಲಗೆಯ ಮೇಲೆ ಒಂದು ವಸ್ತುವನ್ನಿಟ್ಟು ಹಲಗೆಯನ್ನು ಮೆಲ್ಲಗೆ ಓರೆ ಮಾಡುತ್ತ ಹೋದರೆ, ಯಾವ ಕೋನದಲ್ಲಿ ಅದು ಜಾರಲು ತೊಡಗುತ್ತದೆಯೋ ಅದೇ ಘರ್ಷಣ ಕೋನ. 0.12ಕ್ಕೆ ಇದು ಸುಮಾರು 6.8 ಡಿಗ್ರಿ. ಇದನ್ನು φ ಎನ್ನೋಣ.

ಘರ್ಷಣೆ ಯಾವಾಗಲೂ ಚಲನೆಗೆ ಎದುರು. ಭಾರವನ್ನು ಏರಿಸುವಾಗ ಇಳಿಜಾರೂ ಘರ್ಷಣೆಯೂ ಒಂದಾಗಿ ನಮ್ಮನ್ನು ತಡೆಯುತ್ತವೆ. ಆದುದರಿಂದ ಕೋನಗಳನ್ನು ಕೂಡಿಸಬೇಕು. ಇಳಿಸುವಾಗ ಇಳಿಜಾರು ನಮ್ಮ ಕಡೆ, ಘರ್ಷಣೆ ಮಾತ್ರ ಎದುರು, ಆದುದರಿಂದ ಕಳೆಯಬೇಕು. ಭಾರ W, ಸರಾಸರಿ ವ್ಯಾಸ d ಆದರೆ ತಿರುಪನ್ನು ತಿರುಗಿಸಲು ಬೇಕಾದ ತಿರುಗುಬಲ ಹೀಗೆ:

ಏರಿಸಲು: T = W × (d/2) × tan(φ + α)
ಇಳಿಸಲು: T = W × (d/2) × tan(φ − α)

ಜಾಕಿನ ಮೇಲೆ ಸುಮಾರು ಎರಡು ಟನ್, ಎಂದರೆ 20,000 ನ್ಯೂಟನ್ ಭಾರವಿದೆಯೆನ್ನಿ. ಲೆಕ್ಕ ಮಾಡಿದರೆ ಏರಿಸಲು 74 ನ್ಯೂಟನ್-ಮೀಟರ್, ಇಳಿಸಲು 22 ನ್ಯೂಟನ್-ಮೀಟರ್ ಬೇಕು. ಇದಲ್ಲದೆ, ತಿರುಪಿನ ತುದಿಯಲ್ಲಿರುವ ಬಟ್ಟಲು ಲಾರಿಗೆ ಅಂಟಿ ನಿಂತಿರುತ್ತದೆ, ತಿರುಪು ಅದರ ಅಡಿಯಲ್ಲಿ ಉಜ್ಜುತ್ತ ತಿರುಗುತ್ತದೆ. ಆ ಉಜ್ಜಾಟ ಸರಾಸರಿ 15 ಮಿ.ಮೀ. ತ್ರಿಜ್ಯದಲ್ಲಿ ನಡೆಯುತ್ತದೆ, ಅದಕ್ಕೆ ಇನ್ನೂ 36 ನ್ಯೂಟನ್-ಮೀಟರ್ ತೆರಬೇಕು. ಒಟ್ಟು ಏರಿಸಲು 110, ಇಳಿಸಲು 58. ಹಿಡಿ ಅರ್ಧ ಮೀಟರ್ ಉದ್ದವಿದ್ದರೆ ಅದರ ತುದಿಯಲ್ಲಿ ಏರಿಸುವಾಗ 220 ನ್ಯೂಟನ್, ಎಂದರೆ ಸುಮಾರು 22 ಕಿಲೋ ತೂಕದಷ್ಟು ನೂಕಬೇಕು. ಇಳಿಸುವಾಗ ಸುಮಾರು 12 ಕಿಲೋದಷ್ಟು.

ಇಳಿಸಲೂ ನೂಕಬೇಕಾಗಿರುವುದನ್ನು ಗಮನಿಸಿ. ನಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ. φ ಎಂಬುದು αಗಿಂತ ದೊಡ್ಡದಾಗಿರುವವರೆಗೆ ಭಾರ ತನ್ನಷ್ಟಕ್ಕೆ ತಾನು ತಿರುಪನ್ನು ಹಿಂದಕ್ಕೆ ತಿರುಗಿಸಲಾರದು. ಇದೇ ಜಾಕಿನ ಸ್ವಯಂಬಂಧನ. ಲಾರಿಯನ್ನು ಹಿಡಿದಿಟ್ಟಿರುವುದು ಬೀಗವಲ್ಲ, ಗೂಟವಲ್ಲ, ಬರಿಯ ಉಜ್ಜಾಟ.

ಈಗ ಮೇಸ್ತ್ರಿಯ ಬಯಕೆಗೆ ಬರೋಣ. ಎರಡೆಳೆ ತಿರುಪಿನಲ್ಲಿ ಒಂದು ಸುತ್ತಿಗೆ 16 ಮಿ.ಮೀ. ಏರು, ಇಳಿಜಾರು ಸುಮಾರು 7.3 ಡಿಗ್ರಿ. ಬಾಲ್ ಬೇರಿಂಗ್ ಇರುವುದರಿಂದ ಬಟ್ಟಲಿನ ಉಜ್ಜಾಟ ಇಲ್ಲವೆಂದೇ ಹೇಳಬಹುದು. ಏರಿಸಲು ಬೇಕಾದುದು ಸುಮಾರು 100 ನ್ಯೂಟನ್-ಮೀಟರ್. ಬಲ ಮೊದಲಿಗಿಂತ ಕಡಿಮೆ, ವೇಗ ಎರಡರಷ್ಟು! ಆದರೆ ಇಳಿಸುವ ಲೆಕ್ಕ ನೋಡಿ: 6.8 ರಿಂದ 7.3 ಕಳೆದರೆ ಉಳಿಯುವುದು ಋಣ ಸಂಖ್ಯೆ. ಎಂದರೆ ಭಾರವೇ ಸುಮಾರು 3 ನ್ಯೂಟನ್-ಮೀಟರ್ ಬಲದಿಂದ ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಕೈಬಿಟ್ಟೊಡನೆ ಲಾರಿ ಇಳಿಯತೊಡಗುತ್ತದೆ.

ಇದು ಆಕಸ್ಮಿಕವಲ್ಲ. ಉಜ್ಜಾಟವೇ ಇಲ್ಲದಿದ್ದರೆ ಹಳೆಯ ಜಾಕಿಗೆ 25.5 ನ್ಯೂಟನ್-ಮೀಟರ್ ಸಾಕಾಗುತ್ತಿತ್ತು, ತೆತ್ತದ್ದು 110. ನೂರರಲ್ಲಿ 23 ಪಾಲು ಮಾತ್ರ ಎತ್ತುವುದಕ್ಕೆ ಸಂದಿತು. ಹೊಸ ತಿರುಪಿನಲ್ಲಿ ನೂರಕ್ಕೆ 50.7 ಪಾಲು ಸಲ್ಲುತ್ತದೆ. ಸರಿಯಾಗಿ φ ಮತ್ತು α ಸಮನಾದಾಗ ತಿರುಪಿನ ದಕ್ಷತೆ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ ಇರುತ್ತದೆಂದು ಗಣಿತದಿಂದ ತೋರಿಸಬಹುದು. ಆದುದರಿಂದ ತಾನೇ ನಿಲ್ಲುವ ತಿರುಪು ನಮ್ಮ ಶ್ರಮದ ಅರ್ಧಕ್ಕಿಂತ ಹೆಚ್ಚನ್ನು ನುಂಗಲೇಬೇಕು. ಮೇಸ್ತ್ರಿ ದಂಡವೆಂದು ಬಗೆದದ್ದು ಅವನ ಕಾವಲಿನ ಕೂಲಿ.

ಹಾಗೆಂದು ಒಂದೆಳೆಯ ಜಾಕನ್ನು ಕಣ್ಣುಮುಚ್ಚಿ ನಂಬಲೂ ಆಗದು. ಅದರ ತಿರುಪು ನಿಲ್ಲಬೇಕಾದರೆ ಘರ್ಷಣೆಯ ಗುಣಾಂಕ 0.0637ಕ್ಕಿಂತ ಹೆಚ್ಚಿರಬೇಕು. ಎಳೆಗಳು ಸವೆದು ನುಣುಪಾದರೆ, ಎಣ್ಣೆ ಹೆಚ್ಚಾದರೆ, ಪಕ್ಕದಲ್ಲಿ ಎಂಜಿನ್ ಓಡುತ್ತಿದ್ದು ಜಾಕ್ ನಡುಗುತ್ತಿದ್ದರೆ 0.12 ಎಂಬ ನಮ್ಮ ನಂಬಿಕೆ ಕರಗುತ್ತ ಬರುತ್ತದೆ. ಆಗ ಭಾರವನ್ನು ಹಿಡಿಯುವುದು ಬಟ್ಟಲಿನ ಉಜ್ಜಾಟವೊಂದೇ. ಅದಕ್ಕೂ ಎಣ್ಣೆ ತಗಲದಿರುವುದಿಲ್ಲ.

ಇದನ್ನು ತಿಳಿಯುವುದು ಕಷ್ಟವಲ್ಲ. ಗಾಡಿಯ ಕೆಳಗೆ ಯಾರೂ ಇಲ್ಲದಾಗ, ಹಿಡಿಯ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆದು, ಏರಿಸುವಾಗಿನ ಮತ್ತು ಇಳಿಸುವಾಗಿನ ತೂಕಗಳನ್ನು ಬರೆದುಕೊಳ್ಳಬೇಕು. ನಮ್ಮ ಜಾಕಿಗೆ ಅವು 22 ಮತ್ತು 12 ಕಿಲೋದ ಆಸುಪಾಸಿನಲ್ಲಿರಬೇಕು. ಏರಿಸುವುದು ಸುಲಭವಾಯಿತೆಂದು ಹಿಗ್ಗುವ ಮೊದಲು ಎರಡನೆಯ ಅಂಕಿಯನ್ನು ನೋಡಬೇಕು. ಅದು ತಿಂಗಳಿಂದ ತಿಂಗಳಿಗೆ ಸೊನ್ನೆಯ ಕಡೆಗೆ ಇಳಿಯುತ್ತಿದ್ದರೆ, ಕೈಬಿಟ್ಟಾಗ ಹಿಡಿ ಒಂದು ಬೆರಳಷ್ಟಾದರೂ ತಾನೇ ಹಿಂದಕ್ಕೆ ಸರಿದರೆ, ಆ ಜಾಕನ್ನು ಬದಿಗಿಡಬೇಕು. ಒಳ್ಳೆಯ ಜಾಕಾದರೂ ಅದು ಎತ್ತುವ ಸಾಧನ. ಎತ್ತಿದ ಮೇಲೆ ಭಾರವನ್ನು ಗಟ್ಟಿಯಾದ ಮರದ ದಿಮ್ಮಿಗೋ ಕಬ್ಬಿಣದ ಸ್ಟ್ಯಾಂಡಿಗೋ ಒಪ್ಪಿಸಿದ ಮೇಲೆಯೇ ಕೆಳಗೆ ಮಲಗತಕ್ಕದ್ದು.