ಸದ್ದಾಗುವ ಮುನ್ನ ಬೀಗ ತೆಗೆಯುವ ಕೆಲಸ

ಗೂಢಲಿಪಿ ಬಳಸುವ ಚಾಟ್ ಆ್ಯಪ್‌ನ ಸಂದೇಶವೂ ಆ್ಯಪಲ್ ಸರ್ವರ್ ದಾಟಿಯೇ ಐಫೋನಿಗೆ ನೋಟಿಫಿಕೇಶನ್ ಆಗಿ ಬರಬೇಕು. ಒಳಗೇನಿದೆ ಎಂಬುದು ಆ ಸರ್ವರಿಗೆ ತಿಳಿಯಬಾರದು. ಆದರೂ ಪರದೆಯಲ್ಲಿ ‘ನಾಳೆ ಬರ್ತೀನಿ’ ಎಂದು ಸ್ಪಷ್ಟವಾಗಿ ಮೂಡುತ್ತದಲ್ಲ, ಹೇಗೆ?

2016ರಲ್ಲಿ ಐಒಎಸ್ 10ರೊಂದಿಗೆ ಬಂದ ನೋಟಿಫಿಕೇಶನ್ ಸರ್ವಿಸ್ ಎಕ್ಸ್‌ಟೆನ್ಶನ್ ಇದಕ್ಕೆ ಉತ್ತರ. ಆ್ಯಪ್‌ನೊಂದಿಗೇ ಬರುವ, ಆದರೆ ಪ್ರತ್ಯೇಕವಾಗಿ ಓಡುವ ಪುಟ್ಟ ಪ್ರೋಗ್ರಾಂ ಇದು. ಸರ್ವರ್ ಕಳಿಸುವುದು ಹೀಗಿರುತ್ತದೆ:

```
{"aps":{"alert":"ಹೊಸ ಸಂದೇಶ",
 "mutable-content":1},
 "enc":"q7Xk..."}
```

`mutable-content` ಕಂಡೊಡನೆ ಫೋನ್ ಈ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ. ಅದು ಆ್ಯಪ್ ಜತೆ ಹಂಚಿಕೊಂಡ ಕೀಚೈನ್‌ನಿಂದ ಕೀಲಿ ತೆಗೆದು, `enc` ಬಿಡಿಸಿ, ‘ಹೊಸ ಸಂದೇಶ’ದ ಜಾಗದಲ್ಲಿ ನಿಜವಾದ ಮಾತನ್ನು ಕೂರಿಸುತ್ತದೆ. ಚಿತ್ರವಾದರೆ ಕೊಂಡಿಯಷ್ಟೇ ಬರುತ್ತದೆ, ಏಕೆಂದರೆ ಇಡೀ ಪೊಟ್ಟಣಕ್ಕೆ 4 ಕೆಬಿ ಮಿತಿ. ಡೌನ್‌ಲೋಡ್ ಇದರದೇ ಹೊಣೆ.

ಸಿಗುವ ಸಮಯ ಸುಮಾರು 30 ಸೆಕೆಂಡು. ಮೀರಿದರೆ, ಬೇರೇನೂ ಸಿದ್ಧವಾಗಿಲ್ಲದಿದ್ದರೆ, ಮೂಲದ ‘ಹೊಸ ಸಂದೇಶ’ವೇ ಕಾಣುತ್ತದೆ. ಹಾಗಾಗಿ ಆ ಸಾಲಿನಲ್ಲಿ ಗುಟ್ಟಿನದೇನನ್ನೂ ಬರೆಯಕೂಡದು. ಫೋನ್ ರೀಸ್ಟಾರ್ಟ್ ಆಗಿ ಒಮ್ಮೆಯೂ ಪಾಸ್‌ಕೋಡ್ ಹಾಕಿರದಿದ್ದರೂ ಸಾಮಾನ್ಯವಾಗಿ ಇದೇ ಕತೆ: ಕೀಚೈನ್ ತೆರೆಯದು, ಕೀಲಿ ಸಿಗದು. ಬೆಳಿಗ್ಗೆ ಬರೀ ‘ಹೊಸ ಸಂದೇಶ’ ಎಂದು ಸಾಲುಗಟ್ಟಿದ್ದರೆ, ರಾತ್ರಿ ಫೋನ್ ಅಪ್‌ಡೇಟ್ ಆಗಿತ್ತೇ ಎಂದು ಮೊದಲು ನೋಡಿ.