ಅದೇ ನಾಲ್ಕು ಕೀಗಳು

2025ರ ಜುಲೈ 26ರ ಬೆಳಿಗ್ಗೆ ಅನುವಾದದ ಕೆಲಸಕ್ಕೆ ಕೂತೆ. ಪರದೆಯ ಮೇಲೆ ‘ದ’ ಬರಲಿಲ್ಲ. ನುಡಿ ವಿನ್ಯಾಸದಲ್ಲಿ ಬೆರಳಚ್ಚು ಮಾಡುವವರಿಗೆ ಗೊತ್ತು, ಡಿ ಒತ್ತಿದರೆ ದ, ಸಿ ಒತ್ತಿದರೆ ಚ, ಇ ಒತ್ತಿದರೆ ಎ. ಮೂರೂ ಸತ್ತಿದ್ದವು, ಮೇಲಿನ ಸಾಲಿನ 3 ಕೂಡ. ಹಿಂದಿನ ನವೆಂಬರಿನಲ್ಲಿ ಹೀಗೇ ಆದಾಗ ಸರ್ವಿಸ್ ಸೆಂಟರಿನವರು ಕೀಬೋರ್ಡ್ ಬದಲಾಯಿಸಿದ್ದರು. ಮೇ ತಿಂಗಳಲ್ಲಿ ಮತ್ತೆ ಕೆಟ್ಟಾಗ ಮತ್ತೊಂದು ಹೊಸ ಕೀಬೋರ್ಡ್ ಹಾಕಿದ್ದರು. ಈಗ ಮೂರನೇ ಸಲ. ಒಂದು ವರ್ಷದ ವಾರಂಟಿ ಜೂನ್ 13ಕ್ಕೇ ಮುಗಿದಿತ್ತು.

ಆ ಹೊತ್ತಿನಲ್ಲಿ ಬರೆದ ಇಮೇಲಿನ ತುಂಬ ಸಿಟ್ಟೇ ಇತ್ತು. ‘ಎರಡು ಸಲ ರಿಪೇರಿ ಮಾಡಿಯೂ ಸರಿಹೋಗಿಲ್ಲ, ಕೂಡಲೇ ಸರಿಮಾಡಿಕೊಡಿ’ ಎಂಬುದು ಅದರ ತಿರುಳು. ಅದನ್ನು ಕಳಿಸುವ ಮೊದಲು ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದದ್ದು ಒಳ್ಳೆಯದಾಯಿತು.

ಅಂಗಡಿಯವರು ಲ್ಯಾಪ್‌ಟಾಪ್ ಮುಟ್ಟದೆ ಕೇಳಿದ್ದು ಒಂದೇ ಪ್ರಶ್ನೆ. “ಮೇಡಂ, ಮೊದಲನೇ ಸಲ ಹೋಗಿದ್ದೂ ಇವೇ ನಾಲ್ಕಾ?”

“ಹೌದು, ಇವೇ.”

“ಹಾಗಾದ್ರೆ ತಪ್ಪು ಕೀಬೋರ್ಡಲ್ಲಿ ಇಲ್ಲ. ನಾನು ಬಿಚ್ಚಲ್ಲ, ಬಿಚ್ಚಿದ್ರೆ ಹೊರಗಡೆ ತೆಗೆಸಿದ್ದೀರಿ ಅಂತ ಕಂಪನಿಯವರು ನಿಮ್ಮ ಮೇಲೇ ಹಾಕ್ತಾರೆ. ಬರೆದು ಕೇಳಿ.”

ಅವರ ಮಾತಿನ ಹಿಂದಿನ ಕಾರಣ ಇದು. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಕೀಗಳ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿದ್ದು, ವಿದ್ಯುತ್ ಹರಿಯುವ ಶಾಯಿಯಲ್ಲಿ ಅವುಗಳ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದಿರುತ್ತಾರೆ. ಒಂದು ಅಡ್ಡಗೆರೆ ಮತ್ತು ಒಂದು ಉದ್ದಗೆರೆ ಸಂಧಿಸುವ ಕಡೆ ಒಂದು ಕೀ. ಚದುರಂಗದ ಮಣೆಯ ಮನೆಗಳನ್ನು ಗುರುತಿಸಿದಂತೆ, ಯಾವೆರಡು ಗೆರೆಗಳು ಕೂಡಿದವು ಎಂದು ನೋಡಿ ಯಾವ ಕೀ ಒತ್ತಿದಿರಿ ಎಂದು ಯಂತ್ರ ತಿಳಿಯುತ್ತದೆ. ಈ ಗೆರೆಗಳೆಲ್ಲ ಒಂದು ಚಪ್ಪಟೆ ರಿಬ್ಬನ್ ಕೇಬಲ್ ಆಗಿ ಹೊರಬಂದು, ಮದರ್‌ಬೋರ್ಡಿನ ಮೇಲಿರುವ ಸಣ್ಣ ಕನೆಕ್ಟರಿನೊಳಗೆ ಕೂರುತ್ತವೆ.

ಧೂಳೋ ಚಪಾತಿಯ ಚೂರೋ ಹೋಗಿ ಸಿಕ್ಕಿಕೊಂಡರೆ ಒಂದು ಕೀ ಕೈಕೊಡುತ್ತದೆ, ಹೆಚ್ಚೆಂದರೆ ಪಕ್ಕದ್ದೂ ಕೈಕೊಟ್ಟೀತು. 3, ಇ, ಡಿ, ಸಿ ಹಾಗಲ್ಲ. ಕೀಬೋರ್ಡ್ ನೋಡಿ, ಮೇಲಿಂದ ಕೆಳಗೆ ಒಂದೇ ಓರೆಸಾಲಿನಲ್ಲಿವೆ. ಹೀಗೆ ಸಾಲಿಗೆ ಸಾಲೇ ಒಟ್ಟಿಗೆ ಹೋದರೆ ಒಂದು ಗೆರೆ ಕಡಿದಿದೆ ಎಂದೇ ಊಹಿಸಬೇಕು. ಒಂದು ಸಲವಾದರೆ ಕೀಬೋರ್ಡಿನೊಳಗಿನ ಗೆರೆ ಕಡಿದಿರಬಹುದು. ಆದರೆ ಮೂರು ಬೇರೆ ಬೇರೆ ಕೀಬೋರ್ಡುಗಳಲ್ಲಿ ಅದೇ ಗೆರೆ ಕಡಿಯುವುದು ಬಹಳ ಅಪರೂಪ. ಹಾಗಾದರೆ ನೋಡಬೇಕಾದದ್ದು ಗೆರೆಯ ಇನ್ನೊಂದು ತುದಿಯನ್ನು, ಅಂದರೆ ಮದರ್‌ಬೋರ್ಡಿನ ಕನೆಕ್ಟರ್ ಮತ್ತು ಅದರ ಬೆಸುಗೆಯನ್ನು.

ಹಾಗಿದ್ದರೆ ಪ್ರತಿ ರಿಪೇರಿಯ ನಂತರ ಕೆಲವು ವಾರ ಸರಿಯಾಗಿದ್ದದ್ದು ಹೇಗೆ? ಹೊಸ ಕೀಬೋರ್ಡ್ ಹಾಕುವಾಗ ಕೇಬಲ್ಲನ್ನು ಕಳಚಿ ಮತ್ತೆ ಕೂರಿಸುತ್ತಾರೆ. ಸಡಿಲವಾದ ಸಂಪರ್ಕ ಆ ಒತ್ತಿಗೆ ತಾತ್ಕಾಲಿಕವಾಗಿ ಹಿಡಿದುಕೊಳ್ಳುತ್ತದೆ. ಯಂತ್ರ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗುತ್ತ ಬಂದಂತೆ ಪುನಃ ಬಿಡುತ್ತದೆ. ಮೊದಮೊದಲು ನನ್ನ ಕೀಗಳು ಒಂದು ಗಂಟೆ ಕೆಲಸ ಮಾಡಿದ ಮೇಲಷ್ಟೇ ಮುಷ್ಕರ ಹೂಡುತ್ತಿದ್ದವು. ಅದೂ ಇದೇ ಕಡೆಗೆ ಬೆರಳು ತೋರುತ್ತಿತ್ತು.

ಮನೆಗೆ ಬಂದು ಎರಡು ಪರೀಕ್ಷೆ ಮಾಡಿದೆ. ಹೊರಗಿನ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದಾಗ ನಾಲ್ಕು ಅಕ್ಷರಗಳೂ ಬಂದವು. ವಿಂಡೋಸ್ ತೆರೆಯುವ ಮೊದಲೇ ನಡೆಯುವ, ಕಂಪನಿಯದೇ ಯಂತ್ರಪರೀಕ್ಷೆಯಲ್ಲಿ ಲ್ಯಾಪ್‌ಟಾಪಿನ ಸ್ವಂತ ಕೀಗಳು ನಾಲ್ಕೂ ವಿಫಲವಾದವು. ಇವೆರಡೂ ಸೇರಿದರೆ ‘ಸಾಫ್ಟ್‌ವೇರ್ ಸಮಸ್ಯೆ, ವಿಂಡೋಸ್ ಮತ್ತೆ ಹಾಕಿ’ ಎಂಬ ಸಲಹೆಗೆ ಜಾಗ ಉಳಿಯುವುದಿಲ್ಲ. ಎರಡನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ.

ಆಮೇಲೆ ಜಾಬ್ ಶೀಟುಗಳನ್ನು ಹುಡುಕಿ ತೆಗೆದೆ. ಎರಡನೆಯದರ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಬದಲಾಯಿಸಿದ ಬಿಡಿಭಾಗಕ್ಕೆ 90 ದಿನದ ವಾರಂಟಿ ಎಂದಿತ್ತು. ರಿಪೇರಿಯಾದದ್ದು ಮೇ 26ಕ್ಕೆ, ಕೆಟ್ಟದ್ದು 61ನೇ ದಿನ. ಲ್ಯಾಪ್‌ಟಾಪಿನ ವಾರಂಟಿ ಮುಗಿದಿದ್ದರೂ ಆ ರಿಪೇರಿಯ ವಾರಂಟಿ ಆಗಸ್ಟ್ 24ರವರೆಗೆ ಜೀವಂತವಾಗಿತ್ತು.

ಸಿಟ್ಟಿನ ಕರಡನ್ನು ಅಳಿಸಿ ಹೊಸದಾಗಿ ಬರೆದೆ. ಇಂಗ್ಲಿಷಿನಲ್ಲಿ ಹೋದ ಆ ಇಮೇಲ್ ಕನ್ನಡದಲ್ಲಿ ಹೀಗಿರುತ್ತದೆ:

‘ವಿಷಯ: ಎರಡು ರಿಪೇರಿಯ ನಂತರವೂ ಅದೇ ದೋಷ, ಮದರ್‌ಬೋರ್ಡ್ ಪರೀಕ್ಷೆಗೆ ಕೋರಿಕೆ.

14-06-2024ರಂದು ಕೊಂಡ ಈ ಲ್ಯಾಪ್‌ಟಾಪಿನಲ್ಲಿ 3, ಇ, ಡಿ, ಸಿ ಕೀಗಳು ಕೆಲಸ ಮಾಡುತ್ತಿಲ್ಲ. ಇದೇ ದೋಷಕ್ಕೆ 22-11-2024 ಮತ್ತು 26-05-2025ರಂದು ತಾವು ಕೀಬೋರ್ಡ್ ಬದಲಾಯಿಸಿದ್ದೀರಿ. ಎರಡೂ ಸಲ ದೂರು ಕೊಟ್ಟಾಗ ವಾರಂಟಿ ಇತ್ತು. 26-07-2025ರಂದು, ಎರಡನೇ ರಿಪೇರಿಯ 61ನೇ ದಿನ, ಅದೇ ಕೀಗಳು ಮತ್ತೆ ನಿಂತಿವೆ. ಮೂರು ಕೀಬೋರ್ಡುಗಳಲ್ಲಿ ಒಂದೇ ಸಾಲು ವಿಫಲವಾಗಿರುವುದರಿಂದ ದೋಷ ಮದರ್‌ಬೋರ್ಡಿನ ಕನೆಕ್ಟರಿನಲ್ಲಿದೆ ಎಂದು ನಂಬಲು ಕಾರಣವಿದೆ. ನಾಲ್ಕನೇ ಕೀಬೋರ್ಡ್ ನನಗೆ ಬೇಡ. ಮೂಲ ಕಾರಣವನ್ನು ಪತ್ತೆಹಚ್ಚಿ ಲಿಖಿತವಾಗಿ ತಿಳಿಸಿ, ಅದನ್ನು ಉಚಿತವಾಗಿ ಸರಿಪಡಿಸಿ. ಆಗದಿದ್ದರೆ ಲ್ಯಾಪ್‌ಟಾಪ್ ಬದಲಿಸಿಕೊಡಿ ಅಥವಾ ಹಣ ಹಿಂತಿರುಗಿಸಿ. 15 ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ. ಬಿಲ್, ಎರಡು ಜಾಬ್ ಶೀಟ್, ಎರಡು ವಿಡಿಯೋ ಲಗತ್ತಿಸಿದೆ.’

ಇದರಲ್ಲಿ ನಾನು ಬಹಳ ಹೊತ್ತು ತೂಗಿನೋಡಿದ್ದು ‘ನಾಲ್ಕನೇ ಕೀಬೋರ್ಡ್ ನನಗೆ ಬೇಡ’ ಎಂಬ ವಾಕ್ಯವನ್ನು. ‘ಸರಿಮಾಡಿಕೊಡಿ’ ಎಂದಷ್ಟೇ ಬರೆದರೆ ಅವರು ಮತ್ತೊಂದು ಕೀಬೋರ್ಡ್ ಹಾಕಿ ದೂರು ಮುಗಿಯಿತೆಂದು ಗುರುತು ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ 90 ದಿನ ಕಳೆದಿರುತ್ತದೆ.

ಬದಲಾಯಿಸಿದ ಭಾಗದಿಂದ ದೋಷ ನೀಗದಿರುವುದಕ್ಕೆ ದೊಡ್ಡ ಉದಾಹರಣೆಯೂ ಇದೆ. ಆ್ಯಪಲ್ ಕಂಪನಿ 2015ರಲ್ಲಿ ತಂದ ‘ಬಟರ್‌ಫ್ಲೈ’ ಕೀಬೋರ್ಡುಗಳಲ್ಲಿ ಕೀಗಳು ಅಂಟಿಕೊಳ್ಳುವ, ಅಕ್ಷರ ಎರಡೆರಡು ಬೀಳುವ ದೂರುಗಳು ಬಂದವು. ಮೊಕದ್ದಮೆ ಹೂಡಿದವರ ವಾದವೂ ಇದೇ ಆಗಿತ್ತು: ಕೆಟ್ಟದ್ದನ್ನು ತೆಗೆದು ಅದೇ ವಿನ್ಯಾಸದ್ದನ್ನೇ ಹಾಕುತ್ತಿದ್ದಾರೆ. 2022ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 5 ಕೋಟಿ ಡಾಲರಿಗೆ ರಾಜಿಯಾಯಿತು. ಅಮೆರಿಕದ ಏಳು ರಾಜ್ಯಗಳ ಗ್ರಾಹಕರಿಗೆ ಅನ್ವಯಿಸಿದ ಆ ಒಪ್ಪಂದದಲ್ಲಿ ಅತಿ ಹೆಚ್ಚು ಪರಿಹಾರ, 395 ಡಾಲರಿನವರೆಗೆ, ನಿಗದಿಯಾದದ್ದು ಕೀಬೋರ್ಡಿರುವ ಮೇಲ್ಭಾಗವನ್ನು ಎರಡು ಅಥವಾ ಹೆಚ್ಚು ಸಲ ಬದಲಾಯಿಸಬೇಕಾಗಿ ಬಂದವರಿಗೆ.

ನಮ್ಮಲ್ಲಿ ಕಂಪನಿ ಉತ್ತರಿಸದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಬಹುದು. ಸಹಾಯವಾಣಿ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲಿದ್ದರೂ ಸರಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೋಷ ಸರಿಪಡಿಸಿ, ವಸ್ತು ಬದಲಿಸಿ ಅಥವಾ ಹಣ ಮರಳಿಸಿ ಎಂದು ಆಯೋಗ ಆದೇಶಿಸಬಲ್ಲದು. ಆದರೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅದಕ್ಕೇ ಇಮೇಲ್ ಗಟ್ಟಿಯಾಗಿರಬೇಕು.

ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೊದಲು ಬಂದ ಉತ್ತರ ‘ವಾರಂಟಿ ಮುಗಿದಿದೆ’ ಎಂಬುದು. ಜಾಬ್ ಶೀಟಿನ ಹಿಂಬದಿಯ ಚಿತ್ರವನ್ನು ಅದೇ ಇಮೇಲಿಗೆ ಉತ್ತರವಾಗಿ ಕಳಿಸಿದೆ. ಹನ್ನೊಂದು ದಿನದ ಮೇಲೆ ಸರ್ವಿಸ್ ಸೆಂಟರಿನಿಂದ ಕರೆ ಬಂತು. ಈ ಸಲ ಕೀಬೋರ್ಡ್ ಹಾಗೇ ಉಳಿಯಿತು, ಮದರ್‌ಬೋರ್ಡ್ ಬದಲಾಯಿತು, ಹಣ ಕೇಳಲಿಲ್ಲ. ಮೂರನೇ ಜಾಬ್ ಶೀಟಿನಲ್ಲಿ ಕಾರಣ ಎಂಬ ಜಾಗದಲ್ಲಿ ಬರೆದಿರುವುದು ‘ಕೀಬೋರ್ಡ್ ಕನೆಕ್ಟರ್ ದೋಷ’. ಈ ಲೇಖನದ ಎಲ್ಲ ‘ದ’ಗಳನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಬರೆದಿದ್ದೇನೆ.