ಆನ್ ಆದಾಗ 8, ಹೆಚ್ಚೆಂದರೆ 24

ಟಿವಿ ಆರಿಸುವಾಗ ವಾಲ್ಯೂಮ್ ಎಷ್ಟಿತ್ತೋ ಅದನ್ನು ಅದರ ಮೆಮೊರಿ ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಹಾಕಿದಾಗ ಅಲ್ಲಿಂದಲೇ ಶುರು. ಸಂಜೆ ಕುಕ್ಕರ್ ಕೂಗು, ಮಕ್ಕಳ ಗಲಾಟೆಯ ನಡುವೆ ಕೇಳಲೆಂದು 35ಕ್ಕೆ ಏರಿಸಿದ್ದನ್ನು ಯಾರೂ ಇಳಿಸಿರುವುದಿಲ್ಲ. ಬೆಳಗಿನ ಐದೂವರೆಗೆ ಅಜ್ಜ ಸುಪ್ರಭಾತಕ್ಕೆಂದು ಟಿವಿ ಹಾಕಿದರೆ ಅದೇ 35 ಮನೆಯನ್ನೆಲ್ಲ ಎಬ್ಬಿಸುತ್ತದೆ. ನಿದ್ದೆ ಕೆಡಿಸುವುದು ಸದ್ದಿನ ಮಟ್ಟವೊಂದೇ ಅಲ್ಲ, ನಿಶ್ಶಬ್ದದಿಂದ ಅದು ಒಮ್ಮೆಲೇ ಮೇಲೇಳುವ ರೀತಿ ಕೂಡ. ಮಲಗುವ ಕೋಣೆಯೊಳಗೆ ನಿರಂತರ ಸದ್ದು 30 ಡೆಸಿಬೆಲ್ ಮೀರಬಾರದು, ನಡುನಡುವೆ ಬರುವ ಬಿಡಿ ಸದ್ದುಗಳು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತ್ತು. ಎದುರು ಕುಳಿತವರೊಂದಿಗೆ ನಾವು ಆಡುವ ಮಾತೇ ಸುಮಾರು 60 ಡೆಸಿಬೆಲ್ ಇರುತ್ತದೆ.

ಇದಕ್ಕೆ ಪರಿಹಾರ ಬಹಳಷ್ಟು ಟಿವಿಗಳಲ್ಲಿ ಆಗಲೇ ಇದೆ, ಆದರೆ ಮಾಮೂಲಿ ಮೆನುವಿನಲ್ಲಿ ಕಾಣುವುದಿಲ್ಲ. ಪಕ್ಕದ ಕೋಣೆಯ ಅತಿಥಿಗೆ ತೊಂದರೆಯಾಗದಿರಲೆಂದು ಲಾಡ್ಜುಗಳಿಗಾಗಿ ಮಾಡಿದ ‘ಹೋಟೆಲ್ ಮೋಡ್’ ಅದು. ಅದನ್ನು ತೆರೆಯುವ ಗುಟ್ಟು ಕಂಪನಿಗೊಂದು, ಮಾದರಿಗೊಂದು. ಪ್ಯಾನಸೋನಿಕ್‌ನ ಹಳೆಯ ವಿಯೆರಾ ಸೆಟ್ಟುಗಳನ್ನೇ ನೋಡಿ. ಟಿವಿಯ ಮೈಮೇಲಿನ ವಾಲ್ಯೂಮ್ ಇಳಿಸುವ ಬಟನ್ ಒತ್ತಿ ಹಿಡಿದು, ರಿಮೋಟಿನ AV ಬಟನ್ನನ್ನು ಒಂದು ಸೆಕೆಂಡಿನೊಳಗೆ ಮೂರು ಸಲ ಒತ್ತಬೇಕು. ತೆರೆದ ಮೆನುವಿನಲ್ಲಿ ಮೊದಲು Hotel Mode ಎಂಬುದನ್ನು On ಮಾಡಬೇಕು. ಇಲ್ಲದಿದ್ದರೆ ಉಳಿದದ್ದು ಯಾವುದೂ ಜಾರಿಗೆ ಬರುವುದಿಲ್ಲ. Initial VOL level ಎಂದರೆ ಹಾಕಿದಾಗಿನ ವಾಲ್ಯೂಮ್, Maximum VOL level ಎಂದರೆ ಮೇಲಿನ ಮಿತಿ. ಅಲ್ಲೇ ಇರುವ Button lock, Remote lock ತಂಟೆಗೆ ಹೋಗಬೇಡಿ. ಮುಗಿದ ಮೇಲೆ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಮೆನುವಿನಿಂದ ಹೊರಬಂದಂತೆ. ಬೇರೆ ಕಂಪನಿಯ ಟಿವಿಗೆ ಅದರದೇ ಕೈಪಿಡಿ ನೋಡಿ, ಮತ್ತು ರಿಪೇರಿಯವರು ಬಳಸುವ ಸರ್ವೀಸ್ ಮೆನುವನ್ನು ಹೋಟೆಲ್ ಮೋಡ್ ಎಂದುಕೊಂಡು ಅಲ್ಲಿನ ಅಂಕಿಗಳನ್ನು ಮುಟ್ಟಬೇಡಿ. ಚಿತ್ರವೇ ಕೆಟ್ಟುಹೋಗಬಹುದು.

ಯಾವ ಅಂಕಿ ಇಡಬೇಕು ಎಂಬುದೇ ನಿಜವಾದ ಪ್ರಶ್ನೆ. ಪರದೆಯ ಮೇಲಿನ 24 ಎಂಬುದು ಡೆಸಿಬೆಲ್ ಅಲ್ಲ. ಒಳಗೆ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಸೂಚನೆ ಅಷ್ಟೆ. ಬರುವ ಸದ್ದೇ ದೊಡ್ಡದಾದರೆ ಹೊರಡುವುದೂ ದೊಡ್ಡದೇ. ನಮ್ಮ ಮನೆಗಳಲ್ಲಿ ಇಲ್ಲೊಂದು ತೊಡಕು ಇದೆ: ಟಿವಿಗೆ ಒಂದು ವಾಲ್ಯೂಮ್, ಸೆಟ್ ಟಾಪ್ ಬಾಕ್ಸಿಗೆ ಇನ್ನೊಂದು. ಬಾಕ್ಸ್ ಅರ್ಧದಲ್ಲಿದ್ದಾಗ ಟಿವಿಗೆ ಮಿತಿ ಹಾಕಿದಿರೋ, ನಾಳೆ ಮಗು ಬಾಕ್ಸಿನ ರಿಮೋಟ್ ಹಿಡಿದರೆ ಮಿತಿಗೆ ಬೆಲೆ ಇಲ್ಲ. ಹಾಗಾಗಿ ಮೊದಲು ಬಾಕ್ಸನ್ನು ಪೂರ್ತಿ ಏರಿಸಿ. ನೀವು ನೋಡುವ ಚಾನೆಲ್ಲುಗಳಲ್ಲಿ ಅತಿ ಜೋರಿನದನ್ನು, ಅದರಲ್ಲೂ ಜಾಹೀರಾತು ಬರುವ ಹೊತ್ತಿನಲ್ಲಿ ಹಾಕಿ. ಜಾಹೀರಾತು ವಿಪರೀತ ಜೋರಾಗಿರಬಾರದೆಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳೇ ಹೇಳುತ್ತವಾದರೂ ಪರೀಕ್ಷೆಗೆ ಅದೇ ಒಳ್ಳೆಯದು.

ಈಗ ಒಬ್ಬರು ಮಲಗುವ ಕೋಣೆಗೆ ಹೋಗಿ ದಿಂಬಿನ ಮೇಲೆ ತಲೆಯಿಡಲಿ. ರಾತ್ರಿ ಬಾಗಿಲು ಎಷ್ಟು ತೆರೆದಿರುತ್ತದೋ ಅಷ್ಟೇ ತೆರೆದಿರಲಿ, ಫ್ಯಾನ್ ಎಂದಿನಂತೆ ತಿರುಗಲಿ. ಹಾಲಿನಲ್ಲಿ ಇನ್ನೊಬ್ಬರು ಒಂದೊಂದೇ ಅಂಕಿ ಏರಿಸಲಿ. ಫ್ಯಾನಿನ ಸದ್ದಿನ ಮೇಲೆ ಮಾತು ಬಿಡಿಸಿ ಕೇಳತೊಡಗಿದ್ದು 10ರಲ್ಲಿ ಎನ್ನಿ. ಆನ್ ಆಗುವ ವಾಲ್ಯೂಮನ್ನು 8 ಮಾಡಿ. ಫೋನಿನ ಸೌಂಡ್ ಮೀಟರ್ ಆ್ಯಪ್ ತೋರುವ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ, ಆದರೆ ಟಿವಿ ಇದ್ದಾಗ, ಇಲ್ಲದಾಗ ಎಷ್ಟು ವ್ಯತ್ಯಾಸ ಎಂದು ತಿಳಿಯಲು ಸಾಕು. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಅನಿಸುತ್ತದೆ.

ಮೇಲಿನ ಮಿತಿಗೆ ಅಳತೆ ಹಗಲಿನದು, ಮತ್ತು ಇಲ್ಲಿ ಮೆಲುದನಿಯ ಕಾರ್ಯಕ್ರಮ ಬೇಕು. ಯೂಟ್ಯೂಬ್ ಹಾಡಿಗೆ 15 ಸಾಕಾದರೆ ಸಿನಿಮಾದ ಪಿಸುಮಾತಿಗೆ 24 ಬೇಕಾಗಬಹುದು. ಕಿವಿ ಮಂದವಾದ ಹಿರಿಯರು ತಮ್ಮ ಜಾಗದಲ್ಲಿ ಕುಳಿತು ಆ ಮಾತನ್ನು ಹಿಡಿಯುವ ಅಂಕಿಯೇ ಮಿತಿಯಾಗಲಿ. ಇದಕ್ಕಿಂತ ಕೆಳಗಿಟ್ಟರೆ ವಾರದೊಳಗೆ ಯಾರಾದರೂ ಮಿತಿಯನ್ನೇ ತೆಗೆಸುತ್ತಾರೆ. ಅದೇ ಸಿನಿಮಾದ ಹೊಡೆದಾಟ ಮಾತ್ರ 24ರಲ್ಲೂ ಅಬ್ಬರಿಸುತ್ತದೆ. ಜೋರನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವ ಆಟೊ ವಾಲ್ಯೂಮ್ ಅಥವಾ ನೈಟ್ ಮೋಡ್ ಇದ್ದರೆ ಅಲ್ಲಿ ಅದು ಬೇಕು. ಮಿತಿಯಿಂದ ಆ ಕೆಲಸ ಆಗದು.

ಸೌಂಡ್‌ಬಾರ್ ಇದ್ದ ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಬಾರ್‌ಗೆ ತನ್ನದೇ ಆಂಪ್ಲಿಫಯರ್, ತನ್ನದೇ ವಾಲ್ಯೂಮ್. ಆಪ್ಟಿಕಲ್ ಕೇಬಲ್ಲಿನಲ್ಲಿ ಹೋಗುವ ಡಿಜಿಟಲ್ ಸದ್ದು ಸಾಮಾನ್ಯವಾಗಿ ಟಿವಿಯ ವಾಲ್ಯೂಮನ್ನು ದಾಟಿಕೊಂಡೇ ಹೋಗಿರುತ್ತದೆ. ಬಾರ್ ಚಾಲೂ ಇರುವಾಗ ಅದರ ರಿಮೋಟಿನಿಂದ ಏರಿಸಿ ನೋಡಿ. ಟಿವಿಯ ಅಂಕಿ ಕದಲದೆ ಸದ್ದು ಏರುತ್ತಲೇ ಹೋದರೆ ಮಿತಿಯನ್ನು ಬಾರ್‌ನ ಸೆಟ್ಟಿಂಗಿನಲ್ಲಿ ಹುಡುಕಬೇಕು. ಅಲ್ಲೂ ಇಲ್ಲವೆಂದರೆ ರಾತ್ರಿ ಬಾರ್ ಆರಿಸಿ ಟಿವಿಯ ಸ್ಪೀಕರಿನಲ್ಲೇ ಕೇಳುವುದೊಂದೇ ದಾರಿ.